ಫ್ಲಾಟ್ ಮಾರೋಕೆ ಮುಂಚೆ ಅಸೋಸಿಯೇಷನ್‌ನಿಂದ ನೋ ಡ್ಯೂಸ್: ₹60,736 ಬಾಕಿ ತೋರಿಸ್ತಿದ್ದಾರೆ, ಇದರಲ್ಲಿ ಎಷ್ಟು ಕಟ್ಟಬೇಕು?

ಉತ್ತರಹಳ್ಳಿ_ಫ್ಲಾಟ್
ಎಲ್ಲರಿಗೂ ನಮಸ್ಕಾರ. ಬೆಂಗಳೂರಲ್ಲಿ 1,200 ಚದರಡಿ ಫ್ಲಾಟ್ ಮಾರ್ತಾ ಇದೀವಿ. ಜುಲೈ 24ಕ್ಕೆ ರಿಜಿಸ್ಟ್ರೇಷನ್ ಅಂತ ಮಾತಾಗಿದೆ. ಕೊಳ್ಳೋರು ಲೋನ್ ತಗೊಳ್ತಿದ್ದಾರೆ, ಅವರ ಬ್ಯಾಂಕಿನವರು ಅಸೋಸಿಯೇಷನ್‌ನಿಂದ ನೋ ಡ್ಯೂಸ್ ತನ್ನಿ ಅಂದಿದ್ದಾರೆ. ಕೇಳಿದ್ದಕ್ಕೆ ಆಫೀಸಿಂದ ವಾಟ್ಸಾಪಲ್ಲಿ ಈ ಲೆಕ್ಕ ಬಂತು:

ಜುಲೈ ಮೇಂಟೆನೆನ್ಸ್ 5,400
ಹಳೆ ಬಾಕಿ (01-07-2021) 9,600
ಅದರ ಬಡ್ಡಿ 30-06-2025ರವರೆಗೆ 15,236
ಪೇಂಟಿಂಗ್ ವಂತಿಗೆ 18,000
ಟ್ರಾನ್ಸ್‌ಫರ್ ಫೀ 10,000
ಮನೆ ಖಾಲಿ ಮಾಡೋ ಚಾರ್ಜ್ 2,500
ಒಟ್ಟು 60,736

ನಾವು ಪ್ರತಿ ತಿಂಗಳೂ ಕಟ್ಟಿದೀವಿ. 2021ರ ಬಾಕಿ ಅನ್ನೋದು ಇವತ್ತೇ ಗೊತ್ತಾಗಿದ್ದು. "ಪೂರ್ತಿ ಕಟ್ಟಿ, ಆಮೇಲೆ ಲೆಟರ್" ಅಂತಾರೆ. ಉಳಿದಿರೋದು ಮೂರು ವಾರ. ಏನ್ ಮಾಡ್ಬೇಕು?

ಕೆಂಗೇರಿ_ಕಡೆಯೋರು
ಲೋನ್ ತೀರಿದ ಮೇಲೆ ಬ್ಯಾಂಕೇ ಎನ್‌ಒಸಿ ಕೊಡುತ್ತಲ್ಲ ಮೇಡಂ. ಬ್ರಾಂಚಿಗೆ ಹೋಗಿ ಒರಿಜಿನಲ್ ಪತ್ರಗಳ ಜೊತೆಗೇ ಕೇಳಿ, ಕೊಡ್ತಾರೆ.

ಉತ್ತರಹಳ್ಳಿ_ಫ್ಲಾಟ್
ಅದಲ್ಲ ಸರ್, ನಮ್ಮ ಲೋನ್ ಯಾವತ್ತೋ ತೀರಿದೆ. ಇದು ಅಪಾರ್ಟ್‌ಮೆಂಟಿನ ಮೇಂಟೆನೆನ್ಸ್ ಬಾಕಿ ಇಲ್ಲ ಅನ್ನೋ ಪತ್ರ.

ಠಾಣೆ_ಕನ್ನಡಿಗ
ಟ್ರಾನ್ಸ್‌ಫರ್ ಫೀ 25,000 ತನಕ ತಗೋಬಹುದು, ಕಾನೂನಲ್ಲೇ ಇದೆ. 10,000 ಕಮ್ಮಿನೇ, ಕಟ್ಬಿಡಿ. ಬಡ್ಡಿ ಶೇ 21 ದಾಟೋ ಹಾಗಿಲ್ಲ, ಅದನ್ನ ಮಾತ್ರ ನೋಡಿ.

ಬಸವನಗುಡಿ_ವಕೀಲೆ
ಆ 25,000 ಮತ್ತೆ ಶೇ 21 ಎರಡೂ ಮಹಾರಾಷ್ಟ್ರದ ಸಹಕಾರಿ ಹೌಸಿಂಗ್ ಸೊಸೈಟಿಗಳ ಮಾದರಿ ಬೈಲಾದಲ್ಲಿರೋದು. ಮುಂಬೈ, ಠಾಣೆಯಲ್ಲಿ ಸರಿ. ಅಲ್ಲಿ ಸೊಸೈಟಿ ಅಂದ್ರೆ ಸದಸ್ಯತ್ವ, ಷೇರು ಸರ್ಟಿಫಿಕೇಟ್ ಎಲ್ಲ ಇರುತ್ತೆ, ಅದನ್ನ ಕೊಳ್ಳೋರ ಹೆಸರಿಗೆ ವರ್ಗಾಯಿಸೋಕೆ ಆ ಹಣ. ಬೆಂಗಳೂರಲ್ಲಿ ಹೆಚ್ಚಿನ ಅಪಾರ್ಟ್‌ಮೆಂಟ್‌ಗಳು ಒಂದೋ 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ ಅಡಿ ನಡೀತಾವೆ, ಇಲ್ಲಾಂದ್ರೆ 1960ರ ಸಂಘಗಳ ನೋಂದಣಿ ಕಾಯ್ದೆ ಅಡಿ. ಫ್ಲಾಟ್ ನಿಮ್ಮ ಹೆಸರಲ್ಲಿ ನೋಂದಣಿಯಾದ ಸ್ಥಿರಾಸ್ತಿ, ಮಾರೋಕೆ ಅಸೋಸಿಯೇಷನ್ ಒಪ್ಪಿಗೆ ಬೇಕಿಲ್ಲ.

ಅದಕ್ಕೇ ಮೊದಲು ಒಂದು ಮಾತು. ಅವರ ಹತ್ರ "ಎನ್‌ಒಸಿ" ಅಂತ ಕೇಳಬೇಡಿ. ಆಕ್ಷೇಪಣೆ ಇಲ್ಲ ಅಂತ ಬರೆಸಿಕೊಳ್ಳೋಕೆ ಹೋದ್ರೆ ಆಕ್ಷೇಪಣೆ ಮಾಡೋ ಹಕ್ಕು ಅವರಿಗಿದೆ ಅಂತ ನೀವೇ ಒಪ್ಪಿಕೊಂಡ ಹಾಗಾಗುತ್ತೆ. ನಿಮಗೆ ಬೇಕಿರೋದು ಬಾಕಿ ಎಷ್ಟಿದೆ, ಕಟ್ಟಿದ ಮೇಲೆ ಬಾಕಿ ಇಲ್ಲ ಅನ್ನೋ ಲೆಕ್ಕದ ಪತ್ರ, ಅಷ್ಟೆ.

ಲೆಕ್ಕದ_ಮನೆ
ಮೇಡಂ, 9,600 ನೋಡಿದ ತಕ್ಷಣ ಒಂದು ಅನುಮಾನ ಬಂತು. ಈಗಿನ ಮೇಂಟೆನೆನ್ಸ್ 5,400, ಅಂದ್ರೆ ಚದರಡಿಗೆ ₹4.50. 2021ರಲ್ಲಿ ₹4 ಇತ್ತಾ? ಹಾಗಿದ್ರೆ ತಿಂಗಳಿಗೆ 4,800, ಎರಡು ತಿಂಗಳಿಗೆ ಸರಿಯಾಗಿ 9,600.

ನಿಜವಾಗ್ಲೂ ಬಿಟ್ಟುಹೋದ ಬಾಕಿ ಹೀಗೆ ಕಡೆಯ ರೂಪಾಯಿವರೆಗೆ ಪೂರ್ತಿ ತಿಂಗಳಿನ ಲೆಕ್ಕಕ್ಕೆ ಕೂರೋದು ಅಪರೂಪ. ಹಾಗೆ ಕೂತಿದ್ರೆ ಸಾಮಾನ್ಯವಾಗಿ ಹಣ ಬಂದಿದೆ, ನಿಮ್ಮ ಫ್ಲಾಟ್ ಹೆಸರಿಗೆ ಜಮೆ ಆಗಿಲ್ಲ ಅಂತಲೇ ಅರ್ಥ. 01-07-2021 ಅನ್ನೋ ತಾರೀಖೂ ಅದನ್ನೇ ಹೇಳುತ್ತೆ. ಅವತ್ತು ಎಕ್ಸೆಲ್‌ನಿಂದ ಆ್ಯಪಿಗೆ ಬದಲಾಗಿರಬೇಕು. ಆಗ ಹಳೆ ಲೆಕ್ಕವನ್ನ ಒಂದೇ ಸಾಲಲ್ಲಿ ಆರಂಭಿಕ ಶಿಲ್ಕು ಅಂತ ತುಂಬಿಬಿಡ್ತಾರೆ. ಆ ಎರಡು ತಿಂಗಳು ಬೇರೆ ಯಾರ ಅಕೌಂಟಿಂದಾದ್ರೂ ಕಟ್ಟಿದ್ರಾ ನೋಡಿ.

ಉತ್ತರಹಳ್ಳಿ_ಫ್ಲಾಟ್
ಹೌದು ಸರ್, ಆಗ 4,800 ಇತ್ತು! ಆ್ಯಪ್ ಬಂದಿದ್ದೂ ಅದೇ ಜುಲೈನಲ್ಲಿ. ಆ ವರ್ಷ ಕೆಲವು ತಿಂಗಳು ನಮ್ಮ ಯಜಮಾನರ ಅಕೌಂಟಿಂದ ಹಾಕಿದ್ವಿ. ಫ್ಲಾಟ್ ಇರೋದು ನನ್ನ ಹೆಸರಲ್ಲಿ.

ಲೆಕ್ಕದ_ಮನೆ
ಅಲ್ಲೇ ಸಿಕ್ಕಿಹಾಕ್ಕೊಂಡಿದೆ. ಹೆಸರು ಬೇರೆ, ವಿವರದಲ್ಲಿ ಫ್ಲಾಟ್ ನಂಬರ್ ಹಾಕಿಲ್ಲ ಅಂದ್ರೆ ಅಕೌಂಟೆಂಟ್ ಆ ಹಣವನ್ನ "ಗುರುತಿಸದ ಜಮೆ" ಅಥವಾ ಸಸ್ಪೆನ್ಸ್ ಅನ್ನೋ ತಲೆಬರಹದ ಕೆಳಗೆ ಇಡ್ತಾರೆ. ಹಣ ಅಸೋಸಿಯೇಷನ್ ಖಾತೆಯಲ್ಲೇ ಇರುತ್ತೆ, ನಿಮ್ಮ ಲೆಡ್ಜರಲ್ಲಿ ಮಾತ್ರ ಇರಲ್ಲ.

ಯಜಮಾನರ ಬ್ಯಾಂಕ್ ಸ್ಟೇಟ್‌ಮೆಂಟ್ 2021ರ ಜನವರಿಯಿಂದ ಜುಲೈವರೆಗೆ ತೆಗೀರಿ. 4,800ರ ಎರಡು ಎಂಟ್ರಿ, ತಾರೀಖು, ಪ್ರತಿ ವರ್ಗಾವಣೆಗೂ ಬ್ಯಾಂಕ್ ಕೊಡೋ ಯುಟಿಆರ್ ನಂಬರ್ ಗುರುತು ಹಾಕಿ. "ನಾವು ಕಟ್ಟಿದೀವಿ" ಅಂತ ಬರೆದ್ರೆ ಯಾರೂ ಹುಡುಕಲ್ಲ. "ಇಂಥ ತಾರೀಖು, ಇಂಥ ಯುಟಿಆರ್, ಅಸೋಸಿಯೇಷನ್ನಿನ ಇಂಥ ಖಾತೆಗೆ" ಅಂತ ಬರೆದ್ರೆ ಅವರ ಬ್ಯಾಂಕ್ ಸ್ಟೇಟ್‌ಮೆಂಟಲ್ಲಿ ಐದು ನಿಮಿಷಕ್ಕೆ ಸಿಗುತ್ತೆ. ಸಿಕ್ಕರೆ ಬಡ್ಡಿಯೂ ಪೂರ್ತಿ ಹೋಗಬೇಕು. ಅಸಲೇ ಇಲ್ಲದ ಮೇಲೆ ಬಡ್ಡಿ ಎಲ್ಲಿಂದ?

ಖಜಾಂಚಿ_ಎರಡನೇ_ಅವಧಿ
ನಾನು ಬೇರೊಂದು ಅಪಾರ್ಟ್‌ಮೆಂಟಿನ ಖಜಾಂಚಿ, ಅಸೋಸಿಯೇಷನ್ ಕಡೆಯಿಂದಲೂ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಾಲ್ಕು ವರ್ಷ ಆ್ಯಪ್ ತೆರೆದು ಲೆಡ್ಜರ್ ನೋಡದೆ, ಮಾರೋ ವಾರ ಬಂದು "ಇವತ್ತೇ ಕೊಡಿ" ಅಂದ್ರೆ ನಮ್ಮ ಕಷ್ಟ ಯಾರಿಗೆ ಹೇಳೋದು? ಖಜಾಂಚಿ ಅಂದ್ರೆ ಸಂಬಳ ಇಲ್ಲದ ಕೆಲಸ. ನೀರಿನ ಮೀಟರ್ ಓದಬೇಕು, ಬಾಡಿಗೆಯವರು ಕ್ಲಬ್‌ಹೌಸ್ ಬುಕ್ ಮಾಡಿದ್ದು, ಪಾರ್ಕಿಂಗ್ ದಂಡ ಎಲ್ಲ ನೋಡಬೇಕು. ಒಂದ್ಸಲ ಪತ್ರ ಕೊಟ್ಟರೆ ಬಿಟ್ಟುಹೋದ ಹಣ ಬೇರೆ ಮನೆಯವರ ತಲೆ ಮೇಲೆ ಬೀಳುತ್ತೆ. ಅದಕ್ಕೇ ಎಲ್ಲ ಕಟ್ಟಿಸಿಕೊಂಡೇ ಸಹಿ ಹಾಕೋದು.

ಲೆಕ್ಕದ_ಮನೆ
ಕಷ್ಟ ಒಪ್ತೀನಿ ಸರ್. ಆದ್ರೆ ಆ 15,236 ನೋಡಿದ್ರಾ? ತಿಂಗಳಿಗೆ ಶೇ 2ರ ಹಾಗೆ 9,600ಕ್ಕೆ 192 ರೂಪಾಯಿ ಬಡ್ಡಿ. 48 ತಿಂಗಳಿಗೆ 9,216 ಆಗಬೇಕು. ಇವರದು 15,236 ಬಂದಿದೆ ಅಂದ್ರೆ ಬಡ್ಡಿ ಮೇಲೆ ಬಡ್ಡಿ ಹಾಕಿದ್ದಾರೆ. 6,020 ಹೆಚ್ಚು. ಆ್ಯಪಲ್ಲಿ ಲೇಟ್ ಫೀಯನ್ನ ಪ್ರತಿ ತಿಂಗಳು ಹೊಸ ಬಿಲ್ ಮಾಡಿ, ಮುಂದಿನ ತಿಂಗಳು ಒಟ್ಟು ಬಾಕಿ ಮೇಲೆ ಮತ್ತೆ ಶೇ 2 ಹಾಕೋ ಸೆಟ್ಟಿಂಗ್ ಆನ್ ಆಗಿದ್ರೆ ಹೀಗಾಗುತ್ತೆ. ಹೆಚ್ಚಿನ ಕಮಿಟಿಗಳಿಗೆ ಅದು ಆನ್ ಇದೆ ಅಂತಲೇ ಗೊತ್ತಿರಲ್ಲ. ನಿಮ್ಮ ಬೈಲಾದಲ್ಲಿ ಚಕ್ರಬಡ್ಡಿ ಅಂತ ಇದೆಯಾ?

ಖಜಾಂಚಿ_ಎರಡನೇ_ಅವಧಿ
ನಮ್ಮದರಲ್ಲಿ "ತಿಂಗಳಿಗೆ ಶೇ 2" ಅಂತಷ್ಟೇ ಇದೆ. ನಮ್ಮ ಸೆಟ್ಟಿಂಗ್ ನಾನೂ ನೋಡ್ಬೇಕು. ಇದು ಗಮನಕ್ಕೆ ಬಂದಿರಲಿಲ್ಲ.

ಧಾರವಾಡ_ಮಂದಿ
ನಾಲ್ಕ್ ವರ್ಷದ ಹಳೇ ಬಾಕಿ ಈಗ ಕೇಳೂದಕ್ಕ ಬರೂದಿಲ್ಲರೀ. ಮೂರ್ ವರ್ಷ ಆತಂದ್ರ ಮುಗೀತು, ಅವಧಿ ಮೀರಿದ ಸಾಲ ಅದು. ಹಂಗಂತ ಬರದ್ ಕೊಡ್ರಿ, ಸುಮ್ನಾಗ್ತಾರ.

ಬಸವನಗುಡಿ_ವಕೀಲೆ
ಅರ್ಧ ಸರಿ. ಬರೀ ಹಣ ವಸೂಲಿ ದಾವೆಗೆ ಮೂರು ವರ್ಷ. ಆದರೆ 1972ರ ಕಾಯ್ದೆಗೆ ಒಳಪಟ್ಟ ಫ್ಲಾಟ್ ಆದ್ರೆ 19ನೇ ಕಲಂ ಪ್ರಕಾರ ಸಾಮಾನ್ಯ ಖರ್ಚಿನ ಬಾಕಿ ಫ್ಲಾಟ್ ಮೇಲೇ ಹೊರೆಯಾಗಿ ಕೂರುತ್ತೆ. ಸ್ಥಿರಾಸ್ತಿ ಮೇಲಿನ ಹೊರೆ ವಸೂಲಿಗೆ ಕಾಲಮಿತಿ ಕಾಯ್ದೆಯಲ್ಲಿ 12 ವರ್ಷ ಇದೆ. ಹಾಗಾಗಿ "ಮೂರು ವರ್ಷ ಆಯ್ತು" ಅಂತ ಕೂತರೆ ಅವರೂ ಪತ್ರ ಕೊಡದೆ ಕೂರ್ತಾರೆ, 24 ದಾಟಿಹೋಗುತ್ತೆ. ಕಟ್ಟಿದ್ದಕ್ಕೆ ಪುರಾವೆ ಇರುವಾಗ ಆ ವಾದಕ್ಕೆ ಕೈ ಹಾಕಲೇಬಾರದು.

ಧಾರವಾಡ_ಮಂದಿ
1960ರ ಕಾಯ್ದೆ ಅಡಿ ರಿಜಿಸ್ಟರ್ ಆದ ಸಂಘ ಆಗಿದ್ರ? ಆಗ ಫ್ಲಾಟ್ ಮ್ಯಾಲೆ ಹೊರೆ ಎಲ್ಲಿಂದ ಬಂತರೀ?

ಬಸವನಗುಡಿ_ವಕೀಲೆ
ಒಳ್ಳೆ ಪ್ರಶ್ನೆ. ಸಂಘ ಯಾವುದರಡಿ ನೋಂದಣಿ ಅನ್ನೋದು ಬೇರೆ, ಆಸ್ತಿಯನ್ನ 1972ರ ಕಾಯ್ದೆಗೆ ಒಳಪಡಿಸೋ ಘೋಷಣಾ ಪತ್ರ ನೋಂದಣಿ ಆಗಿದೆಯಾ ಅನ್ನೋದು ಬೇರೆ. ಘೋಷಣಾ ಪತ್ರ ಆಗಿದ್ರೆ ನನ್ನ ಪ್ರಕಾರ ಹೊರೆ ಇದ್ದೇ ಇದೆ. ಸಂಘ 1960ರ ಕಾಯ್ದೆಯದ್ದಾಗಿದ್ರೆ ಆ ಹೊರೆಯನ್ನ ವಸೂಲಿ ಮಾಡೋ ಹಕ್ಕು ಅದಕ್ಕಿದೆಯಾ ಅನ್ನೋದರಲ್ಲಿ ವಕೀಲರಲ್ಲೇ ಒಮ್ಮತ ಇಲ್ಲ. ಇಲ್ಲಿ ಕೂತು ತೀರ್ಮಾನ ಆಗೋದಲ್ಲ.

ಇವರಿಗೆ ಈಗ ಬೇಕಾಗಿರೋದು 20ನೇ ಕಲಂ. ಮಾರೋರ ಬಾಕಿಗೆ ಕೊಳ್ಳೋರೂ ಜೊತೆಯಾಗಿ ಹೊಣೆ ಅಂತ ಅದರಲ್ಲಿದೆ. ಅದರ ಬೆನ್ನಿಗೇ ಇನ್ನೊಂದು ಮಾತಿದೆ: ಬಾಕಿ ಎಷ್ಟು ಅನ್ನೋ ಲೆಕ್ಕಪತ್ರ ಪಡೆಯೋ ಹಕ್ಕು ಕೊಳ್ಳೋರಿಗಿದೆ, ಆ ಪತ್ರದಲ್ಲಿ ತೋರಿಸಿದ್ದಕ್ಕಿಂತ ಹೆಚ್ಚಿಗೆ ಅವರು ಹೊಣೆಯಲ್ಲ. ಅದಕ್ಕೇ ಅರ್ಜಿಗೆ ನೀವೂ ಕೊಳ್ಳೋರೂ ಇಬ್ಬರೂ ಸಹಿ ಹಾಕಿ. ಮಾರೋರು ಕೇಳಿದ್ರೆ ಉಪಕಾರ ಮಾಡಿದ ಹಾಗೆ ನೋಡ್ತಾರೆ, ಕೊಳ್ಳೋರು ಕೇಳಿದ್ರೆ ಅದು ಕಾಯ್ದೆಯ ಹಕ್ಕು.

ದೋಹಾ_ಕನ್ನಡಿಗ
ನಾನೂ ಇಲ್ಲಿಂದಲೇ ಬೆಂಗಳೂರಿನ ಫ್ಲಾಟ್ ಮಾರಬೇಕು. ಇಮೇಲಲ್ಲಿ ಕೇಳಿದ್ರೆ ಕೊಡ್ತಾರಾ? ಟಿಡಿಎಸ್ ಎಷ್ಟು ಹಿಡೀತಾರೆ?

ಲೆಕ್ಕದ_ಮನೆ
ಆ್ಯಪಲ್ಲಿ ನೋಂದಾಯಿಸಿರೋ ಇಮೇಲ್ ವಿಳಾಸದಿಂದಲೇ ಕಳಿಸಿ, ಬೇರೆ ವಿಳಾಸದಿಂದ ಬಂದ್ರೆ ಅನುಮಾನ ಪಡ್ತಾರೆ. ನಿಮ್ಮ ಪರವಾಗಿ ಸಹಿ ಹಾಕೋಕೆ ಯಾರಿಗಾದ್ರೂ ಜಿಪಿಎ ಕೊಟ್ಟಿದ್ರೆ ಅದರ ಪ್ರತಿ ಲಗತ್ತಿಸಿ. ಟಿಡಿಎಸ್‌ಗೆ ಬೇರೆ ಚರ್ಚೆ ಶುರು ಮಾಡಿ ಸರ್. ಅನಿವಾಸಿಯವರಿಗೆ ಇಲ್ಲಿಯವರ ಹಾಗೆ ಶೇ 1 ಅಲ್ಲ, ತುಂಬ ಹೆಚ್ಚು. ಇಲ್ಲಿ ಬೆರೆಸಿದ್ರೆ ಇವರ ವಿಷಯ ಹಿಂದೆ ಬೀಳುತ್ತೆ.

ಉತ್ತರಹಳ್ಳಿ_ಫ್ಲಾಟ್
ಅರ್ಜಿ ಹೇಗೆ ಬರೀಬೇಕು ಅಂತ ಯಾರಾದ್ರೂ ಹೇಳ್ತೀರಾ? ಪೇಂಟಿಂಗ್ 18,000 ನಾವೇ ಯಾಕೆ ಕಟ್ಟಬೇಕು ಅನ್ನೋದೂ ತಿಳೀತಿಲ್ಲ. ಹೊಸ ಬಣ್ಣದ ಮನೇಲಿ ಇರೋದು ಕೊಳ್ಳೋರು.

ಖಜಾಂಚಿ_ಎರಡನೇ_ಅವಧಿ
ಪೇಂಟಿಂಗ್ ಯಾವಾಗ ಪಾಸಾಗಿದ್ದು? ಸಾಮಾನ್ಯ ಸಭೆಯ ಠರಾವಿನ ಪ್ರತಿ ತಗೊಳ್ಳಿ. ಎರಡು ತಾರೀಖು ನೋಡಿ, ಠರಾವಾದ ದಿನ ಮತ್ತೆ ಕಟ್ಟೋಕೆ ಕೊಟ್ಟ ಕೊನೆ ದಿನ.

ಉತ್ತರಹಳ್ಳಿ_ಫ್ಲಾಟ್
ಮಾರ್ಚ್ ಸಭೇಲಿ ಪಾಸಾಯ್ತು. ಚದರಡಿಗೆ ₹15. ಅರ್ಧ ಜುಲೈ ಕೊನೆಗೆ, ಇನ್ನರ್ಧ ಡಿಸೆಂಬರ್ ಕೊನೆಗೆ.

ಖಜಾಂಚಿ_ಎರಡನೇ_ಅವಧಿ
ಹಾಗಾದ್ರೆ ಡಿಸೆಂಬರಿನ 9,000ವನ್ನ ಇವತ್ತಿನ ಬಾಕಿ ಅಂತ ತೋರಿಸೋದು ತಪ್ಪು, ನಾನು ಖಜಾಂಚಿಯಾಗಿಯೇ ಹೇಳ್ತೀನಿ. ಗಡುವು ಬರದೆ ಇದ್ದದ್ದು ಬಾಕಿ ಆಗಲ್ಲ. ಜುಲೈನ 9,000 ಕಟ್ಬಿಡಿ, ವಾರ ಹಿಂದೆಮುಂದೆ ಅಂತ ಜಗಳ ಬೇಡ. ಪತ್ರದಲ್ಲಿ "31-12-2025ಕ್ಕೆ ಬರಬೇಕಾದ ಎರಡನೇ ಕಂತು ₹9,000 ಆ ದಿನ ಮಾಲೀಕರಾಗಿರುವವರು ಕಟ್ಟತಕ್ಕದ್ದು" ಅಂತ ಒಂದು ಸಾಲು ಹಾಕಿಸಿ.

ಬಸವನಗುಡಿ_ವಕೀಲೆ
ಅದೇ ಸಾಲು ಸೇಲ್ ಅಗ್ರಿಮೆಂಟಲ್ಲೂ ಬರಬೇಕು. ಈಗಾಗಲೇ ಸಹಿ ಆಗಿದ್ರೆ ಪುಟ್ಟದೊಂದು ಪೂರಕ ಪತ್ರ ಮಾಡಿಕೊಳ್ಳಿ. ಹೇಳದೆ ಬಿಟ್ಟರೆ ಕೊಳ್ಳೋರು ಡಿಸೆಂಬರಲ್ಲಿ ಬಿಲ್ ನೋಡಿ ನಿಮಗೆ ಫೋನ್ ಮಾಡ್ತಾರೆ, ಮಾಡಿದ್ರೆ ತಪ್ಪೂ ಇಲ್ಲ.

ಲೆಕ್ಕದ_ಮನೆ
ಅರ್ಜಿ ಹೀಗೆ ಬರೀಬಹುದು. ಇಮೇಲೂ ಮಾಡಿ, ಪ್ರಿಂಟ್ ಕೊಟ್ಟು ಇನ್ನೊಂದು ಪ್ರತಿ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ. ವಾಟ್ಸಾಪ್ ಮಾತು ಲೆಕ್ಕಕ್ಕೆ ಬರಲ್ಲ.

"ಕಾರ್ಯದರ್ಶಿಗಳಿಗೆ. ಫ್ಲಾಟ್ ಸಂಖ್ಯೆ ___, ಕ್ರಯಪತ್ರದಲ್ಲಿರುವಂತೆ ಮಾಲೀಕರ ಹೆಸರು ___. ಈ ಫ್ಲಾಟನ್ನು ___ ಅವರಿಗೆ ಮಾರುತ್ತಿದ್ದು, 24-07-2025ರಂದು ನೋಂದಣಿ ನಿಗದಿಯಾಗಿದೆ. 31-07-2025ರವರೆಗಿನ ಬಾಕಿಯನ್ನು ತಲೆಬರಹವಾರು ಲೆಡ್ಜರ್ ಸಮೇತ ಕೊಡಬೇಕಾಗಿ ಕೋರುತ್ತೇವೆ. 01-07-2021ರ ₹9,600 ಆರಂಭಿಕ ಶಿಲ್ಕಿಗೆ ನಮ್ಮ ಆಕ್ಷೇಪವಿದೆ. ಆ ಹಣ ಪಾವತಿಯಾದ ವಿವರ, ಯುಟಿಆರ್ ಸಹಿತ, ಲಗತ್ತಿಸಿದೆ. ತಾಳೆ ನೋಡಿ ಅಸಲು ಮತ್ತು ಬಡ್ಡಿ ಎರಡನ್ನೂ ಕೈಬಿಡಬೇಕು. ಟ್ರಾನ್ಸ್‌ಫರ್ ಫೀಗೆ ಆಧಾರವಾದ ಬೈಲಾ ಕಲಂ ಅಥವಾ ಠರಾವಿನ ಪ್ರತಿ ಕೊಡಬೇಕು. ಮಾರುವವರ ಸಹಿ, ಕೊಳ್ಳುವವರ ಸಹಿ."

31ರವರೆಗೆ ಅಂತ ಯಾಕೆ ಹಾಕ್ಬೇಕು ಅಂದ್ರೆ, 10ನೇ ತಾರೀಖು ಪತ್ರ ಕೊಟ್ಟು ಅದರಲ್ಲಿ "ಈ ದಿನದವರೆಗೆ" ಅಂತ ಬರೆದ್ರೆ 24ಕ್ಕೆ ಬ್ಯಾಂಕಿನವರು ಹಳೇದು ಅಂತಾರೆ. ರಿಜಿಸ್ಟ್ರೇಷನ್ ಆಗಸ್ಟಿಗೆ ಹೋದ್ರೆ ಆಗಸ್ಟ್ ಮೇಂಟೆನೆನ್ಸ್ ಕಟ್ಟಿ ಇನ್ನೊಂದು ಪತ್ರ ತಗೋಬೇಕು, ಬೇರೆ ದಾರಿ ಇಲ್ಲ.

ಮೈಸೂರು_ರಿಂಗ್‌ರೋಡ್
ಇಂಟೀರಿಯರ್ ಮಾಡಿಸುವಾಗ ಡೆಪಾಸಿಟ್ ಕಟ್ಟಿದ್ರಾ? ವಾಪಸ್ ಬರಬೇಕಾದ ಹಣ ಅದು. ತುಂಬಾ ಜನ ಮರೆತೇ ಬಿಡ್ತಾರೆ. ಮಾರಿದ ಮೇಲೆ ಕೇಳಿದ್ರೆ "ಈಗಿನ ಮಾಲೀಕರು ಕೇಳಲಿ" ಅಂತಾರೆ.

ಉತ್ತರಹಳ್ಳಿ_ಫ್ಲಾಟ್
ಅಯ್ಯೋ, ಕಟ್ಟಿದ್ವಿ! 15,000. ರಸೀದಿ ಇದೆ. ಇದು ತಲೇಲೇ ಇರಲಿಲ್ಲ. ಕಾರ್ಪಸ್ ಫಂಡೂ ವಾಪಸ್ ಬರುತ್ತಾ?

ಖಜಾಂಚಿ_ಎರಡನೇ_ಅವಧಿ
ಕಟ್ಟಡದ ದೊಡ್ಡ ಖರ್ಚಿಗೆ ಅಂತ ಎಲ್ಲರಿಂದ ಕೂಡಿಸಿಟ್ಟ ಕಾರ್ಪಸ್ ವಾಪಸ್ ಬರಲ್ಲ. ಅದು ಫ್ಲಾಟ್ ಜೊತೆಗೇ ಹೋಗುತ್ತೆ. ಬೇಕಿದ್ರೆ ಕೊಳ್ಳೋರ ಹತ್ರ ಬೆಲೆಯಲ್ಲಿ ಮಾತಾಡಿಕೊಳ್ಳಬೇಕಿತ್ತು. ಇಂಟೀರಿಯರ್ ಡೆಪಾಸಿಟ್ ಬರುತ್ತೆ, ಲಿಫ್ಟ್, ಕಾರಿಡಾರ್ ಹಾಳು ಮಾಡಿಲ್ಲ ಅಂತ ಆಗ ಪರಿಶೀಲನೆ ಆಗಿದ್ರೆ. ಬಾಕಿಗೆ ವಜಾ ಮಾಡಿಕೊಳ್ಳಿ ಅಂತ ಅದೇ ಅರ್ಜಿಯಲ್ಲಿ ಬರೀರಿ.

ಠಾಣೆ_ಕನ್ನಡಿಗ
ಮಹಾರಾಷ್ಟ್ರದ ನಿಯಮ ಅಲ್ಲಿಗೆ ಬರಲ್ಲ ಅಂತ ವಕೀಲರು ಹೇಳಿದ್ದು ಸರಿ, ತಿದ್ದಿಕೊಂಡೆ. ಆದ್ರೆ ಫೀ ತಗೊಳ್ಳಲೇಬಾರದು ಅಂತೇನಿಲ್ಲವಲ್ಲ? ಆ್ಯಪಲ್ಲಿ ಹೆಸರು ಬದಲಿಸಬೇಕು, ಸದಸ್ಯರ ಪುಸ್ತಕ ತಿದ್ದಬೇಕು.

ಬಸವನಗುಡಿ_ವಕೀಲೆ
ಆ ಕೆಲಸಕ್ಕೆ ಐನೂರು, ಸಾವಿರ ಅಂದ್ರೆ ಯಾರೂ ಜಗಳಕ್ಕೆ ಬರಲ್ಲ. 10,000ಕ್ಕೆ ಬೈಲಾದಲ್ಲಿ ಆಧಾರ ಬೇಕು, ಕಮಿಟಿ ತಾನೇ ಕೂತು ನಿರ್ಧರಿಸಿದ್ರೆ ಸಾಲದು. ಇನ್ನೂ ಒಂದು ವಿಷಯ. ಆ ಫೀ ಹುಟ್ಟೋದೇ ಮಾರಾಟ ಆದ ಮೇಲೆ. ಅದನ್ನ ಮಾರೋರ ಬಾಕಿ ಅಂತ ಈಗಲೇ ಲೆಡ್ಜರಿಗೆ ಏರಿಸೋದು ಹೇಗೆ?

ಖಜಾಂಚಿ_ಎರಡನೇ_ಅವಧಿ
ಇದನ್ನ ಒಪ್ಪಲ್ಲ ಮೇಡಂ. ಸಾಮಾನ್ಯ ಸಭೆ ಠರಾವು ಮಾಡಿದ್ರೆ ಸಾಕು ಅಂತ ನಮ್ಮ ಆಡಿಟರ್ ಹೇಳಿದ್ದಾರೆ. ಎಷ್ಟೋ ಕಡೆ ನಡೀತಿದೆ.

ಬಸವನಗುಡಿ_ವಕೀಲೆ
ನಡೀತಿದೆ ಅನ್ನೋದು ನಿಜ. ಬೈಲಾ ತಿದ್ದುಪಡಿ ಮಾಡದೆ ನಡೀತಿದೆ ಅನ್ನೋದೂ ನಿಜ.

ಉತ್ತರಹಳ್ಳಿ_ಫ್ಲಾಟ್
ಒಂದು ವಾರದ ಮೇಲೆ ಬರೀತಿದೀನಿ. ಯಜಮಾನರ ಸ್ಟೇಟ್‌ಮೆಂಟಲ್ಲಿ ಏಪ್ರಿಲ್, ಮೇ ಎರಡೂ ತಿಂಗಳ 4,800 ಸಿಕ್ತು. ಯುಟಿಆರ್ ಸಮೇತ ಕೊಟ್ಟ ಮರುದಿನವೇ ಅಕೌಂಟೆಂಟ್ ಹುಡುಕಿದ್ರು. ಲೆಕ್ಕದ ಸರ್ ಹೇಳಿದ ಹಾಗೇ "ಗುರುತಿಸದ ಜಮೆ"ಯಲ್ಲಿ ಎರಡೂ ಎಂಟ್ರಿ ಇತ್ತು. 9,600 ಮತ್ತು ಬಡ್ಡಿ, ಒಟ್ಟು 24,836 ತೆಗೆದಿದ್ದಾರೆ. ಉಳಿದದ್ದು 35,900. ಡಿಸೆಂಬರ್ ಕಂತು ಕೊಳ್ಳೋರು ಒಪ್ಪಿಕೊಂಡ್ರು, ಅಲ್ಲಿಗೆ 26,900. ಟ್ರಾನ್ಸ್‌ಫರ್ ಫೀ ಬಿಟ್ಟರೆ 16,900. ಡೆಪಾಸಿಟ್ 15,000 ವಜಾ ಮಾಡಿ 1,900 ಕಟ್ಟಿ ಅಂತ ಲೆಕ್ಕ ಕೊಟ್ಟಿದ್ದಾರೆ.

ಪತ್ರದ ಕರಡು ಕಳಿಸಿದ್ದಾರೆ. ಅದರ ಕೊನೇ ಸಾಲು ಹೀಗಿದೆ: "ಮೇಲಿನ ಲೆಕ್ಕವು ಮುಂದಿನ ಆಡಿಟ್‌ಗೆ ಒಳಪಟ್ಟಿರುತ್ತದೆ." ಇದು ಇರಬಹುದಾ?

ಬಸವನಗುಡಿ_ವಕೀಲೆ
ತೆಗೆಸಿ. ಆ ಸಾಲಿದ್ರೆ ನಾಳೆ ಏನು ಸಿಕ್ಕರೂ ಕೊಳ್ಳೋರಿಗೆ ಬಿಲ್ ಕಳಿಸಬಹುದು, ಅವರು ನಿಮ್ಮ ಹತ್ರ ಬರ್ತಾರೆ. ಪತ್ರ ಕೊಟ್ಟೂ ಕೊಡದ ಹಾಗೆ. ಅದರ ಬದಲು "31-07-2025ರವರೆಗೆ ಈ ಫ್ಲಾಟಿನಿಂದ ಯಾವ ಬಾಕಿಯೂ ಇಲ್ಲ" ಅಂತ ಇರಲಿ. ಇನ್ನೂ ಓದದ ನೀರಿನ ಮೀಟರ್ ಇದ್ರೆ ಅದನ್ನ ಮಾತ್ರ ಹೆಸರಿಸಿ ಹೊರಗಿಡಲಿ.

ಖಜಾಂಚಿ_ಎರಡನೇ_ಅವಧಿ
ಮೀಟರ್ ಇದ್ರೆ 23ನೇ ತಾರೀಖು ಸೆಕ್ಯುರಿಟಿಯವರ ಎದುರು ಇಬ್ಬರೂ ನಿಂತು ಫೋಟೋ ತೆಗೆದುಕೊಳ್ಳಿ. ಆ ಅಂಕಿ ಮೇಲೆ ಸಣ್ಣ ಮೊತ್ತ ಬಿಟ್ಟರೆ ಮತ್ತೇನೂ ಉಳಿಯಲ್ಲ. ಬೆಸ್ಕಾಂ ಬಿಲ್, ಆಸ್ತಿ ತೆರಿಗೆ ಅಸೋಸಿಯೇಷನ್ ಪತ್ರದಲ್ಲಿ ಬರಲ್ಲ, ಅದರ ರಸೀದಿಗಳನ್ನ ಬೇರೆಯಾಗಿ ಕೊಡಿ. ಸಹಿ ಒಬ್ಬರದ್ದೇ ಇದ್ರೆ ಕೆಲವು ಬ್ಯಾಂಕ್ ಒಪ್ಪಲ್ಲ, ಕಾರ್ಯದರ್ಶಿ ಮತ್ತೆ ಖಜಾಂಚಿ ಇಬ್ಬರದ್ದೂ ಸೀಲ್ ಸಮೇತ ಹಾಕಿಸಿ.

ಧಾರವಾಡ_ಮಂದಿ
ಟ್ರಾನ್ಸ್‌ಫರ್ ಫೀ ಏನಾತ್ರಿ?

ಉತ್ತರಹಳ್ಳಿ_ಫ್ಲಾಟ್
ಬೈಲಾದಲ್ಲಿ ಇಲ್ಲ, 2023ರ ಕಮಿಟಿ ನಡಾವಳಿ ತೋರಿಸಿದ್ರು. ಸಾಮಾನ್ಯ ಸಭೆಗೆ ಹೋಗೇ ಇಲ್ಲ. ಭಾನುವಾರ ಕಮಿಟಿ ಕೂತು ಹೇಳ್ತೀವಿ ಅಂದಿದ್ದಾರೆ.

ಬಸವನಗುಡಿ_ವಕೀಲೆ
ಬಿಡಲ್ಲ ಅಂದ್ರೆ 24ನ್ನ ಕಳಕೊಳ್ಳಬೇಡಿ. "ಆಕ್ಷೇಪಣೆಯೊಂದಿಗೆ ಪಾವತಿ" ಅಂತ ಇಮೇಲ್ ಮಾಡಿ ಕಟ್ಟಿ, ರಸೀದಿಯಲ್ಲಿ "ಟ್ರಾನ್ಸ್‌ಫರ್ ಫೀ" ಅಂತಲೇ ಬರೆಸಿ. ದೇಣಿಗೆ ಅಂತ ಬರೆದ್ರೆ ತಗೋಬೇಡಿ. ದೇಣಿಗೆ ಅಂತ ರಸೀದಿ ಇದ್ರೆ ಆಮೇಲೆ ವಾಪಸ್ ಕೇಳೋ ದಾರಿ ಮುಚ್ಚಿದ ಹಾಗೆ.

ಲೆಕ್ಕದ_ಮನೆ
ಭಾನುವಾರ ಏನಾಯ್ತು ಅಂತ ಇಲ್ಲೇ ಹಾಕಿ ಮೇಡಂ. ಗುರುತಿಸದ ಜಮೆಯಲ್ಲಿ ಇನ್ನೂ ಎಷ್ಟಿದೆ ಅಂತಲೂ ಕೇಳಿ. ನಿಮ್ಮ ಕಾಂಪ್ಲೆಕ್ಸಲ್ಲಿ ಇನ್ನೂ ನಾಲ್ಕೈದು ಮನೆಯವರ ಹಣ ಅಲ್ಲೇ ಕೂತಿರುತ್ತೆ, ಅವರಿಗೂ ಆ್ಯಪಲ್ಲಿ ಬಡ್ಡಿ ಏರ್ತಾ ಇರುತ್ತೆ.